ಬಂದದ್ದು 1,528, ಕಡಿತ 1,646: ಇದು ಮೋಸವೇ?

ನಿಮ್ಮ ಅನುಮಾನ ಸಹಜ, ಆದರೆ ಈ ಲೆಕ್ಕ ಸರಿಯಾಗಿದೆ. ನೀವು ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರಿದ 2,000 ರೂಪಾಯಿಯ ಇಳಕಲ್ ಸೀರೆಗೆ ಅವರ ಕಮಿಷನ್ ಶೇ 15, ಅಂದರೆ 300. ಅದರ ಮೇಲೆ ಶೇ 18 ಜಿಎಸ್‌ಟಿ 54. ಸಾಗಣೆ ಶುಲ್ಕ ಜಿಎಸ್‌ಟಿ ಸೇರಿ 118. ಉಳಿದ 1,528 ನಿಮ್ಮ ಖಾತೆಗೆ ಬಂತು. (ಟಿಸಿಎಸ್, ಟಿಡಿಎಸ್‌ಗಳನ್ನು ಇಲ್ಲಿ ಬದಿಗಿಟ್ಟಿದ್ದೇನೆ.)

ಸೀರೆ ವಾಪಸಾದಾಗ ಗ್ರಾಹಕರಿಗೆ ಪೂರ್ತಿ 2,000 ಹೋಯಿತು. ಕಮಿಷನ್ನೂ ಅದರ ತೆರಿಗೆಯೂ ಸೇರಿ 354 ನಿಮಗೆ ಮರಳಿತು. ಹಾಗಾಗಿ ಮುಂದಿನ ಪಾವತಿಯಲ್ಲಿ 1,646 ಮುರಿದುಕೊಂಡರು. ನಿಜವಾದ ನಷ್ಟ ಸಾಗಣೆಯ 118 ಮಾತ್ರ. ಕೊಟ್ಟ ಸೇವೆಯ ಶುಲ್ಕವಾದ್ದರಿಂದ ಅದನ್ನು ಹೆಚ್ಚಿನ ಮಾರುಕಟ್ಟೆಗಳು ಹಿಂದಿರುಗಿಸುವುದಿಲ್ಲ.

ನೀವು ಹುಡುಕಬೇಕಾದ ತಪ್ಪು ಬೇರೆ. ಕಮಿಷನ್ 300 ಮರಳಿಸಿ 54 ಬಿಟ್ಟುಬಿಟ್ಟರೆ, ಕಡಿತ 1,700 ಎಂದು ಕಾಣುತ್ತದೆ. ಆಗ ಕ್ರೆಡಿಟ್ ನೋಟ್ ಕೇಳಿ. ಬ್ಯಾಂಕಿಗೆ ಬಂದ ಮೊತ್ತವನ್ನು ನೋಡಿದರೆ ಈ ತಪ್ಪು ಸಿಗದು, ಎಷ್ಟೋ ಆರ್ಡರುಗಳು ಅದರಲ್ಲಿ ಬೆರೆತಿರುತ್ತವೆ. ಸೆಟಲ್‌ಮೆಂಟ್ ವರದಿಯನ್ನು ಆರ್ಡರ್ ಸಂಖ್ಯೆಯಂತೆ ಜೋಡಿಸಿ ಕೂಡಿಸಿ.

ಇನ್ನು ತಡೆಹಿಡಿದ ಹಣದ ಮಾತು: ವಾಪಸಾತಿ ಅವಧಿ ಮುಗಿಯುವವರೆಗೆ ಪಾವತಿಯನ್ನು ತಡೆಹಿಡಿಯುವುದು ಸಾಮಾನ್ಯ. ಆ ದಿನ ದಾಟಿದ ಮೇಲೂ ಬಿಡುಗಡೆಯ ಸಾಲು ವರದಿಯಲ್ಲಿ ಕಾಣದಿದ್ದರೆ, ಆರ್ಡರ್ ಸಂಖ್ಯೆ ಹಾಕಿ ದೂರು ದಾಖಲಿಸಿ.