ಫ್ಯಾನು ‘ಕೈ ಕೊಟ್ಟರೆ’ ಹೊರದೇಶಕ್ಕೆ ಬರೆಯುವುದು ಹೇಗೆ?

ಕನ್ನಡದ ನುಡಿಗಟ್ಟನ್ನು ಪದಕ್ಕೆ ಪದ ಇಂಗ್ಲಿಷಿಗೆ ಇಳಿಸಿದರೆ ಅರ್ಥ ಮಸುಕಾಗುವುದಷ್ಟೇ ಅಲ್ಲ, ಕೆಲವೊಮ್ಮೆ ತಿರುಗುಮುರುಗಾಗುತ್ತದೆ. ಚಿತ್ರದುರ್ಗದ ಜೋಗಿಮಟ್ಟಿ ಸುತ್ತಿನ ಗುಡ್ಡಗಳಲ್ಲಿ ಗಾಳಿಯಂತ್ರ ನೋಡಿಕೊಳ್ಳುವವರೊಬ್ಬರು ಹೊರದೇಶದ ಸಹೋದ್ಯೋಗಿಗೆ ಹೀಗೆ ತಿಳಿಸಬೇಕಾಗಿದೆ ಎಂದುಕೊಳ್ಳಬಹುದು:

“ಮೂರನೇ ಫ್ಯಾನು ಕೈ ಕೊಟ್ಟಿದೆ. ಆಷಾಢದ ಗಾಳಿ, ಹುಡುಗರು ಕೈ ಎತ್ತಿದ್ದಾರೆ. ಸಂಜೆಯೊಳಗೆ ಒಂದು ಗತಿ ಕಾಣಿಸ್ತೀವಿ. ಹೋಗಿ ಬರ್ತೀನಿ.”

ಮೊದಲ ಹೆಜ್ಜೆ, ಒಂದೊಂದು ಮಾತನ್ನೂ ಚಿತ್ರವಾಗಿ ಕಾಣುವುದು. ಚಿತ್ರವೊಂದು, ಅರ್ಥ ಇನ್ನೊಂದು ಆದ ಕಡೆಯೆಲ್ಲ ಗೆರೆ ಎಳೆಯಬೇಕು. ಇಂಗ್ಲಿಷಿನಲ್ಲಿ ಕೈ ಕೊಡುವುದೆಂದರೆ ನೆರವಾಗುವುದು. ಕೈ ಎತ್ತುವವರು ‘ನಾವು ಮಾಡುತ್ತೇವೆ’ ಎಂದು ಮುಂದೆ ಬಂದವರು. ಹಾಗಾಗಿ ಯಂತ್ರ ನೆರವಾಗಿದೆ, ಹುಡುಗರು ಸಿದ್ಧರಿದ್ದಾರೆ ಎಂದು ಓದುಗ ನೆಮ್ಮದಿಯಾಗಿಬಿಡುತ್ತಾನೆ. ‘ಹೋಗಿ ಬರ್ತೀನಿ’ ನುಡಿಗಟ್ಟೆಂದು ಬರೆಯುವವರಿಗೇ ತೋಚುವುದಿಲ್ಲ. ಆದರೆ ಅದನ್ನು ಓದಿದವರು ಬರುವಿಕೆಗಾಗಿ ಕಾದು ಕೂರಬಹುದು.

ಎರಡನೆಯದು, ಗೆರೆ ಎಳೆದ ಜಾಗದಲ್ಲಿ ಏನಾಯಿತು, ಯಾಕೆ, ಯಾವಾಗ, ಮುಂದೇನು ಎಂಬುದನ್ನು ನೇರವಾಗಿ ತುಂಬುವುದು:

“ಮೂರನೇ ಗಾಳಿಯಂತ್ರ ಇಂದು, ಜುಲೈ 15ರ ಬೆಳಿಗ್ಗೆ 7ಕ್ಕೆ ನಿಂತಿತು. ಗಾಳಿ ಜೋರಾಗಿರುವುದರಿಂದ ನಮ್ಮವರು ಈಗ ಗೋಪುರ ಹತ್ತುವುದಿಲ್ಲ. ಗಾಳಿ ಇಳಿದರೆ ಭಾರತೀಯ ಕಾಲಮಾನ ಸಂಜೆ 5ರೊಳಗೆ ರಿಪೇರಿ ಮಾಡುತ್ತೇವೆ. ನನ್ನ ಪಾಳಿ ಮುಗಿಯಿತು. ಮುಂದಿನ ಪಾಳಿಯವರು ಮಾಹಿತಿ ಕೊಡುತ್ತಾರೆ.”

ಇಷ್ಟು ಬರೆಯುವಾಗ ಒಂದು ಸಂಗತಿ ಬಯಲಾಗುತ್ತದೆ. ‘ಗತಿ ಕಾಣಿಸ್ತೀವಿ’ ಎಂದಾಗ ಗಾಳಿ ಇಳಿಯಬೇಕೆಂಬ ಷರತ್ತು ಅಡಗಿತ್ತು. ನುಡಿಗಟ್ಟು ತೆಗೆಯುವುದರಲ್ಲಿ ನಿಜವಾದ ಕೆಲಸ ಇದೇ, ಪದ ಬದಲಿಸುವುದು ಸುಲಭ. ಆಷಾಢ ಹೋಗಿ ತಾರೀಖು ಬಂದದ್ದೂ, ತಿಂಗಳನ್ನು ಅಕ್ಷರದಲ್ಲಿ ಬರೆದದ್ದೂ ಬೇಕೆಂದೇ. 5/8 ಎಂದರೆ ಇಲ್ಲಿ ಆಗಸ್ಟ್ 5, ಅಮೆರಿಕದಲ್ಲಿ ಮೇ 8. ಲಕ್ಷ, ಕೋಟಿಗಳನ್ನೂ ಅಂಕಿಯಲ್ಲೇ ಬರೆಯಬೇಕು. ಒಂದು ಲಕ್ಷವನ್ನು 100,000 ಎಂದರೆ ಸಂದೇಹವಿರುವುದಿಲ್ಲ.

ಕನ್ನಡದ ನುಡಿಗಟ್ಟು ತೆಗೆದು ಇಂಗ್ಲಿಷಿನದನ್ನು ಕೂರಿಸುವುದು ಇಲ್ಲಿ ನಡೆಯುವ ಸಾಮಾನ್ಯ ತಪ್ಪು. ‘ನೀರಿನಲ್ಲಿ ಹೋಮ’ಕ್ಕೆ ಬದಲಾಗಿ ‘ಹಣ ಚರಂಡಿಗೆ ಹೋಯಿತು’ ಎಂಬರ್ಥದ ಇಂಗ್ಲಿಷ್ ಮಾತು ಬರೆದರೆ, ಇಂಗ್ಲಿಷನ್ನು ಕಲಿತು ಓದುವ ಕೊರಿಯಾದವರಿಗೋ ಬ್ರೆಜಿಲ್‌ನವರಿಗೋ ಅದೂ ಒಗಟೇ. ‘ಖರ್ಚಾಯಿತು, ಫಲ ಸಿಗಲಿಲ್ಲ’ ಎಂದರೆ ಸಾಕು.

ಎಲ್ಲವನ್ನೂ ಅಳಿಸಬೇಕಿಲ್ಲ. ಸಹೋದ್ಯೋಗಿಯೊಬ್ಬಳನ್ನು ‘ಒನಕೆ ಓಬವ್ವ’ ಎಂದು ಮೆಚ್ಚಿದರೆ, ಹೈದರಾಲಿಯ ಸೈನಿಕರನ್ನು ಕೋಟೆಯ ಕಿಂಡಿಯಲ್ಲಿ ಒನಕೆಯಿಂದ ತಡೆದ ಚಿತ್ರದುರ್ಗದ ಹೆಣ್ಣುಮಗಳು ಎಂಬ ಸಾಲು ಸೇರಿಸಿ ಉಳಿಸಿಕೊಳ್ಳಬಹುದು. ತುರ್ತು ಸಂದೇಶದಲ್ಲಿ ಮಾತ್ರ ‘ಒಬ್ಬಳೇ ನಿಭಾಯಿಸಿದಳು’ ಎಂಬುದೇ ಸರಿ.

ಕಳಿಸುವ ಮುನ್ನ, ವಿಷಯ ತಿಳಿಯದ ಇನ್ನೊಬ್ಬರಿಗೆ ಓದಿಸಿ ‘ಈಗ ಏನು ಮಾಡಬೇಕು?’ ಎಂದು ಕೇಳಬೇಕು. ಉತ್ತರ ತಡವರಿಸಿದರೆ ಎಲ್ಲೋ ಒಂದು ಮಾತು ಇನ್ನೂ ಬಿಡಿಸಬೇಕಾಗಿದೆ. ನೇರ ಮಾತು ಒರಟಾಗಿ ಕಾಣುವುದೂ ಉಂಟು. ಅದಕ್ಕೆ ಮೊದಲಿಗೊಂದು ನಮಸ್ಕಾರ, ಕೊನೆಗೊಂದು ಧನ್ಯವಾದ ಸಾಕು.