ಎಷ್ಟು ಪರ್ಸೆಂಟ್ ಬಂತು ಎಂದು ಕೇಳುವ ಮುನ್ನ



ಡಿಸರ್ಟೇಶನ್ ಒಪ್ಪಿಸುವ ದಿನ ಹತ್ತಿರ ಬಂದಿದೆ. ಎಲ್ಲಿ ನಿಂತರೂ ನಿಮ್ಮ ನಡುವೆ ಒಂದೇ ಮಾತು: ‘ಪ್ಲೇಜಿಯರಿಸಂ ಚೆಕ್‌ನಲ್ಲಿ ನಿಂದು ಎಷ್ಟು ಬಂತು?’ ಈ ಆತಂಕಕ್ಕೆ ಕಾರಣವಿದೆ. ಯುಜಿಸಿಯ 2018ರ ನಿಯಮದಂತೆ ಹೋಲಿಕೆ ಶೇ 10ರೊಳಗಿದ್ದರೆ ದಂಡನೆಯಿಲ್ಲ. ಅದನ್ನು ದಾಟಿ ಶೇ 40ರವರೆಗೆ ಇದ್ದರೆ ತಿದ್ದಿ ಮತ್ತೆ ಒಪ್ಪಿಸಬೇಕು. ಶೇ 60 ಮೀರಿದರೆ ನೋಂದಣಿಯೇ ರದ್ದಾಗುತ್ತದೆ. ಆದರೆ ಆ ಅಂಕಿಯನ್ನು ಇಳಿಸುವುದರಲ್ಲೇ ಮುಳುಗಿ ಓದು, ಓಡಾಟ ಬಿಟ್ಟರೆ ನಷ್ಟ ನಿಮಗೇ. ಹಿರಿಯನಾಗಿ ಕೆಲವು ಮಾತು ಹೇಳುತ್ತೇನೆ.

- ಆ ಅಂಕಿ ಹೇಗೆ ಹುಟ್ಟುತ್ತದೆಂದು ತಿಳಿದುಕೊಳ್ಳಿ. ತಂತ್ರಾಂಶ ನಿಮ್ಮ ಬರಹವನ್ನು ಸಣ್ಣ ಸಣ್ಣ ಪದಗುಚ್ಛಗಳಾಗಿ ಒಡೆದು, ತನ್ನ ಭಂಡಾರದಲ್ಲಿರುವ ಲೇಖನ, ಪ್ರಬಂಧ, ಜಾಲತಾಣಗಳ ಜತೆ ತಾಳೆ ನೋಡುತ್ತದೆ. ಭಂಡಾರದಲ್ಲಿ ಇಲ್ಲದ್ದು ಅದಕ್ಕೆ ಸಿಗುವುದಿಲ್ಲ. ಸ್ಕ್ಯಾನ್ ಆಗದ ಹಳೆಯ ಕನ್ನಡ ಪುಸ್ತಕವೊಂದರಿಂದ ಪುಟಗಟ್ಟಲೆ ಇಳಿಸಿದವನಿಗೂ ಸೊನ್ನೆ ಬರಬಹುದು.

- ಕಟ್ಟುಕಥೆಯ ಅಂಕಿಅಂಶ ಚೆಕ್‌ನಲ್ಲಿ ಪಾಸಾಗುತ್ತದೆ, ವೈವಾದಲ್ಲಿ ಸಿಕ್ಕಿಬೀಳುತ್ತದೆ. ಇಬ್ಬರು ವಿದ್ಯಾರ್ಥಿಗಳು ಒಂದು ಹಳ್ಳಿಯ ನೀರಿನ ಬಳಕೆಯ ಮೇಲೆ ಬರೆದಿದ್ದಾರೆ ಎಂದುಕೊಳ್ಳಿ. ಒಬ್ಬನದು ಶೇ 3. ಅವನು ಹಳ್ಳಿಗೆ ಹೋಗದೆ, ರೂಮಿನಲ್ಲೇ ಕೂತು 50 ಮನೆಗಳ ಉತ್ತರ ತುಂಬಿದ್ದಾನೆ. ಇನ್ನೊಬ್ಬಳದು ಶೇ 14. ಅವಳು ಮನೆ ಮನೆ ಸುತ್ತಿದ್ದಾಳೆ. ಪಳಗಿದ ಪರೀಕ್ಷಕರು ವಯಸ್ಸಿನ ಕಾಲಂ ನೋಡಬಹುದು. ನಮ್ಮ ಹಳ್ಳಿಗಳಲ್ಲಿ ಹಿರಿಯರು ವಯಸ್ಸನ್ನು 45, 50, 60 ಎಂದು ಅಂದಾಜಿನಲ್ಲಿ ಹೇಳುವುದರಿಂದ, ನಿಜವಾದ ಸರ್ವೆಯಲ್ಲಿ ಸೊನ್ನೆ, ಐದರಲ್ಲಿ ಮುಗಿಯುವ ವಯಸ್ಸುಗಳು ಗುಂಪುಗಟ್ಟಿರುತ್ತವೆ. ಮೊದಲನೆಯವನ ಪಟ್ಟಿಯಲ್ಲಿ 43, 51, 58 ಎಂದು ಎಲ್ಲವೂ ಹದವಾಗಿ ಹರಡಿರುತ್ತವೆ. ಉತ್ತರ ಸಿಗದ ಮನೆ ಒಂದೂ ಇರುವುದಿಲ್ಲ. ‘ಮನೆಗೆ ಬೀಗ ಹಾಕಿದ್ದಾಗ ಏನು ಮಾಡಿದಿರಿ?’ ಎಂದು ಕೇಳಿದರೆ ಅವನು ತಡವರಿಸುತ್ತಾನೆ. ಅವಳು ‘ಸಂಜೆ ಮತ್ತೆ ಹೋದೆ ಸರ್, ಮೂರು ಮನೆ ಕೊನೆಗೂ ಸಿಗಲಿಲ್ಲ’ ಎನ್ನುತ್ತಾಳೆ.

- ಶೇಕಡಾವಾರು ನೋಡಿ ಸುಮ್ಮನಾಗಬೇಡಿ, ವರದಿಯನ್ನು ಬಿಡಿಸಿ ಓದಿ. ಅವಳ 14ರಲ್ಲಿ 5 ಗ್ರಂಥಸೂಚಿಯದು, 3 ಉದ್ಧರಣ ಚಿಹ್ನೆಯೊಳಗೆ ಮೂಲ ಹೇಳಿ ಕೊಟ್ಟ ಮಾತುಗಳದು. ಇವನ್ನು ಲೆಕ್ಕದಿಂದ ಬಿಡಲು ನಿಯಮದಲ್ಲೇ ಅವಕಾಶವಿದೆ. ತಂತ್ರಾಂಶದಲ್ಲಿ ಆ ಆಯ್ಕೆ ಒತ್ತಿರಲಿಲ್ಲ ಅಷ್ಟೆ. ಇನ್ನು 4 ಚದುರಿದ ಸಾಮಾನ್ಯ ಪದಗುಚ್ಛಗಳು. ಉಳಿದ 2 ಮಾತ್ರ ಯೋಚಿಸಬೇಕಾದದ್ದು: ಎರಡನೇ ಅಧ್ಯಾಯದಲ್ಲಿ ಒಂದೇ ಲೇಖನದಿಂದ ಬಂದ, ಮೂಲ ಹೇಳದ ಒಂದು ಪ್ಯಾರಾ. ಅವಳು ತಿದ್ದಬೇಕಾದದ್ದು ಅದೊಂದನ್ನೇ. ಬಣ್ಣ ಬಿದ್ದ ಪ್ರತಿ ಸಾಲಿಗೂ ಬೆದರಿ ಸರಿಯಾದ ಉದ್ಧರಣವನ್ನು ಕಿತ್ತುಹಾಕಬೇಡಿ.

- ಪರ್ಯಾಯ ಪದ ಹಾಕಿ ಅಂಕಿ ಇಳಿಸಬೇಡಿ. 2021ರಲ್ಲಿ ಗಿಯೋಮ್ ಕಬಾನಾಕ್ ಮತ್ತು ಸಂಗಡಿಗರು ಪ್ರಕಟಿತ ಸಂಶೋಧನಾ ಲೇಖನಗಳಲ್ಲೇ ವಿಚಿತ್ರ ಪದಗಳನ್ನು ಹುಡುಕಿ ತೋರಿಸಿದರು. ‘ಬ್ರೆಸ್ಟ್ ಕ್ಯಾನ್ಸರ್’ ಇರಬೇಕಾದಲ್ಲಿ ‘ಬೂಸಮ್ ಪೆರಿಲ್’ ಎಂದಿತ್ತು! ಪದ ಬದಲಿಸುವ ತಂತ್ರಾಂಶಕ್ಕೆ ಬರಹ ಕೊಟ್ಟರೆ ಹೀಗಾಗುತ್ತದೆ. ‘ಅಂತರ್ಜಲ’ಕ್ಕೆ ‘ಒಳನೀರು’ ಎಂದು ನೀವು ಬರೆದರೂ ಅಷ್ಟೆ: ಹೋಲಿಕೆ ಇಳಿಯುತ್ತದೆ, ಪರಿಭಾಷೆ ಕೆಡುತ್ತದೆ, ಕದ್ದ ವಿಚಾರ ಕದ್ದದ್ದಾಗಿಯೇ ಉಳಿಯುತ್ತದೆ.

- ಓದುವಾಗಲೇ ಟಿಪ್ಪಣಿ ಸರಿಯಾಗಿ ಮಾಡಿ. ಎಷ್ಟೋ ನಕಲು ಇಲ್ಲಿಂದಲೇ ಶುರುವಾಗುತ್ತದೆ: ಕಾಪಿ ಮಾಡಿಟ್ಟ ಪ್ಯಾರಾ ತಿಂಗಳ ನಂತರ ನಿಮ್ಮದೇ ಅನಿಸುತ್ತದೆ. ಮೂಲದ ಮಾತನ್ನು ಇಳಿಸಿಕೊಂಡ ಕೂಡಲೇ ಉದ್ಧರಣ ಚಿಹ್ನೆ, ಲೇಖಕರ ಹೆಸರು, ಪುಟಸಂಖ್ಯೆ ಹಾಕಿ. ನಿಮ್ಮ ಮಾತಿನಲ್ಲಿ ಬರೆಯಬೇಕೆಂದರೆ ಪುಸ್ತಕ ಮುಚ್ಚಿ ಬರೆಯಿರಿ. ಆಮೇಲೆ ತೆರೆದು, ಅರ್ಥ ತಪ್ಪಿದೆಯೇ ಎಂದು ನೋಡಿ. ಮುಚ್ಚಿದ ಮೇಲೆ ಎರಡು ಸಾಲೂ ಬರದಿದ್ದರೆ ವಿಷಯ ಅರ್ಥವಾಗಿಲ್ಲ; ಮತ್ತೆ ಓದಿ. ನಿಮ್ಮ ಮಾತಿನಲ್ಲಿ ಬರೆದರೂ ಮೂಲ ಹೇಳಲೇಬೇಕು.

- ಫೀಲ್ಡ್ ನೋಟ್‌ಬುಕ್ ಜೋಪಾನ ಮಾಡಿ. ತಾರೀಖು, ಹೋದ ಬೀದಿ, ಸಿಗದ ಮನೆ, ಉತ್ತರಿಸಲು ಒಪ್ಪದವರು, ಹೊಡೆದುಹಾಕಿದ ಲೆಕ್ಕ ಎಲ್ಲವೂ ಅದರಲ್ಲಿರಲಿ. ಯಾರಾದರೂ ಅನುಮಾನಿಸಿದರೆ ನಿಮ್ಮ ಪರ ನಿಲ್ಲುವ ಸಾಕ್ಷಿ ಅದೇ.

ಈ ವಾರವೇ ಸಿಮಿಲಾರಿಟಿ ವರದಿಯನ್ನೂ ನೋಟ್‌ಬುಕ್ಕನ್ನೂ ತೆಗೆದುಕೊಂಡು ನಿಮ್ಮ ಗೈಡ್ ಹತ್ತಿರ ಹೋಗಿ. ಒಂದೊಂದು ಅಧ್ಯಾಯಕ್ಕೂ ‘ಇದರಲ್ಲಿ ನಾನು ಕಂಡುಕೊಂಡದ್ದು ಇಷ್ಟು, ಬೇರೆಯವರಿಂದ ಪಡೆದದ್ದು ಇಷ್ಟು’ ಎಂದು ಬಾಯಿಬಿಟ್ಟು ಹೇಳಿ. ಹಾಗೆ ಹೇಳಲು ಬಂದರೆ ಡಿಸರ್ಟೇಶನ್ ಒಪ್ಪಿಸಲು ನೀವು ಸಿದ್ಧ. ಬರದ ಅಧ್ಯಾಯವಿದ್ದರೆ, ಚೆಕ್ ಏನೇ ಹೇಳಲಿ, ಅದನ್ನು ಮತ್ತೆ ಬರೆಯಿರಿ. ಇನ್ನೂ ಸಮಯವಿದೆ.