ತೆರೆಯ ಅಂಚು ಮತ್ತು ಒತ್ತಕ್ಷರ: ಪಾಠದ ವಿಡಿಯೋದಲ್ಲಿ ಬರಹದ ಸ್ಥಾನ

ಪಾಲಮಲೆಯ ಹಿರಿಯರೊಬ್ಬರ ಮಾತನ್ನು ಕನ್ನಡ ತರಗತಿಗಾಗಿ ಚಿತ್ರಿಸಿಕೊಂಡಿದ್ದೇವೆ ಎಂದಿಟ್ಟುಕೊಳ್ಳೋಣ. ಆರಂಭದಲ್ಲಿ ಪಾಠದ ಶೀರ್ಷಿಕೆ, ಮಾತಿನ ನಡುವೆ ತೆರೆಯ ಕೆಳಭಾಗದಲ್ಲಿ ಹೆಸರು ಮತ್ತು ಊರನ್ನು ತಿಳಿಸುವ ಎರಡು ಸಾಲಿನ ಪಟ್ಟಿ, ಕೊನೆಯಲ್ಲಿ ನೆರವಾದವರ ನಾಮಾವಳಿ ಇವೆ. ಪಟ್ಟಿಯ ಎರಡನೆಯ ಸಾಲು ‘ಬೆಟ್ಟದ ಹಳ್ಳಿ, ಪಾಲಮಲೆ’ ಎಂದಿದೆ. ಗಣಕಯಂತ್ರದಲ್ಲಿ ಇದು ಸರಿಯಾಗಿ ಕಾಣುತ್ತದೆ. ಶಾಲೆಯ ಟಿ.ವಿ.ಯಲ್ಲಿಯೋ ಪೋಷಕರ ಮೊಬೈಲಿನಲ್ಲಿಯೋ ಅದೇ ಸಾಲು ‘ಬೆಟದ ಹಳಿ’ ಎಂದು ಕಾಣಬಹುದು. ಅಕ್ಷರ ಕಲಿಯುತ್ತಿರುವ ಮಗುವಿಗೆ ಇದು ಬೇರೆಯೇ ಪದ.

ಅಂಚು ಕಾಣೆಯಾಗುವುದೇಕೆ?

ಹಳೆಯ ಚಿತ್ರನಳಿಕೆಯ ಟಿ.ವಿ.ಗಳು ಚಿತ್ರವನ್ನು ತೆರೆಗಿಂತ ತುಸು ದೊಡ್ಡದಾಗಿ ಮೂಡಿಸಿ ಅಂಚನ್ನು ಚೌಕಟ್ಟಿನ ಹಿಂದೆ ಮರೆಮಾಡುತ್ತಿದ್ದವು. ಇದನ್ನು ಓವರ್‌ಸ್ಕ್ಯಾನ್ ಎನ್ನುತ್ತಾರೆ. ಇಂದಿನ ಚಪ್ಪಟೆ ಟಿ.ವಿ.ಗಳಲ್ಲಿಯೂ ಈ ರೂಢಿ ಕೆಲವೆಡೆ ಉಳಿದಿದೆ. ಆದುದರಿಂದ ಪ್ರಸಾರ ಕ್ಷೇತ್ರದವರು ಬರಹಕ್ಕೆ ಸುರಕ್ಷಿತ ವಲಯವೊಂದನ್ನು ಗುರುತಿಸಿದರು. ಹಳೆಯ ನಿಯಮದಲ್ಲಿ ಅದು ಚಿತ್ರದ ಅಗಲ ಮತ್ತು ಎತ್ತರಗಳ ನಡುವಿನ ಶೇ. 80, ಈಗಿನ ಅಗಲ ತೆರೆಗಳಿಗೆ ಶೇ. 90.

ಮೊಬೈಲಿನ ಕಾರಣ ಬೇರೆ. ನಮ್ಮ ವಿಡಿಯೋ 16:9 ಪ್ರಮಾಣದ್ದು. ಈಗಿನ ಅನೇಕ ಮೊಬೈಲುಗಳ ತೆರೆ 20:9. ನೋಡುವವರು ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ ತೆರೆ ತುಂಬಿಸಿದರೆ ಮೇಲೆ ಶೇ. 10, ಕೆಳಗೆ ಶೇ. 10 ಕತ್ತರಿಸಿಹೋಗುತ್ತದೆ. ಇಲ್ಲಿ ಶೇ. 90ರ ವಲಯ ಸಾಲದು. ಶಾಲಾ ವಿಡಿಯೋವನ್ನು ಹೆಚ್ಚಿನವರು ಮೊಬೈಲಿನಲ್ಲಿಯೇ ನೋಡುವುದರಿಂದ ನಾವು ಹಳೆಯ ಶೇ. 80ರ ವಲಯವನ್ನೇ ಅನುಸರಿಸುವುದು ಲೇಸು.

ಲೆಕ್ಕ

ವಿಡಿಯೋ 1920 × 1080 ಪಿಕ್ಸೆಲ್ ಇದ್ದರೆ ಎಡ ಬಲಗಳಲ್ಲಿ 192, ಮೇಲೆ ಕೆಳಗೆ 108 ಪಿಕ್ಸೆಲ್ ಬಿಡಬೇಕು. ಅಂದರೆ ಮೇಲಿನಿಂದ ಎಣಿಸಿದರೆ ಬರಹದ ತಳ 972ನೆಯ ಪಿಕ್ಸೆಲನ್ನು ದಾಟಬಾರದು. ಪಟ್ಟಿಯ ಹಿನ್ನೆಲೆ ಬಣ್ಣ ಅಂಚಿನವರೆಗೆ ಹರಡಬಹುದು. ಅಕ್ಷರ ಮಾತ್ರ ಹರಡಬಾರದು.

ಕನ್ನಡಕ್ಕೆ ವಿಶೇಷವಾದ ಎಚ್ಚರಿಕೆ ಇಲ್ಲಿದೆ. ತಮಿಳಿನಲ್ಲಿ ಸಂಯುಕ್ತ ವ್ಯಂಜನಗಳು ಪುಳ್ಳಿಯೊಡನೆ ಪಕ್ಕಪಕ್ಕದಲ್ಲಿ ಕುಳಿತುಕೊಳ್ಳುತ್ತವೆ. ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ತಮಿಳು ಪಾಠಕ್ಕಾಗಿ ಸಿದ್ಧಪಡಿಸಿದ ಪಟ್ಟಿಯಲ್ಲಿ ಕನ್ನಡವನ್ನು ತುಂಬಿದರೆ ಅಕ್ಷರದ ಒಡಲು ಗೆರೆಯ ಒಳಗಿದ್ದರೂ ಒತ್ತು ಹೊರಗೆ ಬೀಳುತ್ತದೆ. ಆದಕಾರಣ ಪಟ್ಟಿಯಲ್ಲಿ ಮೊದಲು ‘ಲಕ್ಷ್ಮಿ’, ‘ಸ್ತ್ರೀ’ ಎಂಬ ಪದಗಳನ್ನು ಬೆರಳಚ್ಚಿಸಿ, ಅತ್ಯಂತ ಕೆಳಗಿನ ಒತ್ತು 972ರ ಗೆರೆಯ ಮೇಲೆ ನಿಲ್ಲುವಂತೆ ಪಟ್ಟಿಯನ್ನು ಮೇಲಕ್ಕೆ ಸರಿಸಬೇಕು. ಅನಂತರ ನಿಜವಾದ ಹೆಸರನ್ನು ತುಂಬಬೇಕು. ಮೊದಲ ಸಾಲಿನ ಒತ್ತು ಎರಡನೆಯ ಸಾಲಿನ ಗುಡಿಸಿಗೆ ತಾಗುತ್ತಿದ್ದರೆ ಸಾಲುಗಳ ಅಂತರವನ್ನು ಹೆಚ್ಚಿಸಬೇಕು.

ಕೊನೆಯ ನಾಮಾವಳಿ

ಕೆಳಗಿನಿಂದ ಮೇಲಕ್ಕೆ ಉರುಳುವ ನಾಮಾವಳಿಯಲ್ಲಿ ಪ್ರತಿ ಸಾಲೂ ತೆರೆಯ ನಡುವಿನಿಂದ ಹಾದುಹೋಗುವುದರಿಂದ ಮೇಲು ಕೆಳಗಿನ ಅಂಚು ತೊಂದರೆ ಕೊಡದು. ಎಡ ಬಲಗಳೇ ಮುಖ್ಯ. ಕೆಲಸ ಒಂದು ಕಡೆ, ಹೆಸರು ಇನ್ನೊಂದು ಕಡೆ ಇರುವ ಎರಡು ಕಂಬಸಾಲುಗಳಲ್ಲಿ ಉದ್ದದ ಹೆಸರು ಹೊರಗೆ ಚಾಚುತ್ತದೆ. ಅದನ್ನು ಎರಡು ಸಾಲಿಗೆ ಮುರಿಯಬೇಕು. ಉರುಳಿ ನಿಲ್ಲುವ ಕೊನೆಯ ಸಾಲು ಮತ್ತು ನಿಂತ ಪುಟಗಳು ನಾಲ್ಕು ಅಂಚುಗಳಿಗೂ ಬದ್ಧವಾಗಿರಬೇಕು.

ಈ ವಲಯಕ್ಕೂ ಮಿತಿಯುಂಟು. ಹಳೆಯ 4:3 ಪ್ರೊಜೆಕ್ಟರನ್ನು ತೆರೆ ತುಂಬುವಂತೆ ಹೊಂದಿಸಿದ್ದರೆ ಎರಡು ಪಕ್ಕಗಳಲ್ಲಿ 240 ಪಿಕ್ಸೆಲ್ ಹೋಗುತ್ತದೆ; ನಾವು ಬಿಟ್ಟ 192 ಸಾಲದು. ಅಲ್ಲಿ ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದರೂ ಚಿತ್ರ ಪೂರ್ತಿ ಕಾಣುವಂತೆ ಪ್ರೊಜೆಕ್ಟರನ್ನೇ ಹೊಂದಿಸಬೇಕು.

ಚಟುವಟಿಕೆ

1. 1920 × 1080 ಅಳತೆಯ ಚಿತ್ರವೊಂದರಲ್ಲಿ ಅಂಚಿನಿಂದ ಒಳಕ್ಕೆ ಒಂದರೊಳಗೊಂದು ಮೂರು ಚೌಕಟ್ಟುಗಳನ್ನು ಬರೆಯಿರಿ. ಮೊದಲನೆಯದು ಅಂಚಿನಲ್ಲಿಯೇ, ಎರಡನೆಯದು ಶೇ. 5 ಒಳಗೆ, ಮೂರನೆಯದು ಶೇ. 10 ಒಳಗೆ ಇರಲಿ. ಬೇರೆ ಬೇರೆ ಬಣ್ಣ ಕೊಡಿ.

2. ಅದನ್ನು ಹತ್ತು ಸೆಕೆಂಡಿನ ವಿಡಿಯೋ ಮಾಡಿ ಶಾಲೆಯ ಟಿ.ವಿ., ಪ್ರೊಜೆಕ್ಟರ್ ಹಾಗೂ ಎರಡು ಮೂರು ಮೊಬೈಲುಗಳಲ್ಲಿ ತೋರಿಸಿರಿ. ಮೊಬೈಲಿನಲ್ಲಿ ಚಿತ್ರವನ್ನು ಹಿಗ್ಗಿಸಿಯೂ ನೋಡಿರಿ. ಯಾವ ಬಣ್ಣ ಕಾಣದಾಯಿತೆಂದು ಬರೆದಿಡಿರಿ. ಟಿ.ವಿ.ಯಲ್ಲಿ ಹೊರ ಚೌಕಟ್ಟು ಕಾಣದಿದ್ದರೆ ಅದು ಓವರ್‌ಸ್ಕ್ಯಾನ್. ಚಿತ್ರದ ಗಾತ್ರದ ಪಟ್ಟಿಯಲ್ಲಿ Just Scan ಅಥವಾ Screen Fit ಎಂಬ ಆಯ್ಕೆಯಿದ್ದರೆ ಅದನ್ನು ಒತ್ತಿರಿ.

3. ಸಂಪಾದನೆಯ ತಂತ್ರಾಂಶದಲ್ಲಿ ಸುರಕ್ಷಿತ ವಲಯದ ಗೆರೆ ಇಲ್ಲದಿದ್ದರೆ, ಮೂರನೆಯ ಚೌಕಟ್ಟನ್ನು ಮಾತ್ರ ಪಾರದರ್ಶಕ PNG ಚಿತ್ರವಾಗಿ ಉಳಿಸಿ ಎಲ್ಲಕ್ಕಿಂತ ಮೇಲಿನ ಪದರದಲ್ಲಿ ಇರಿಸಿ ಬರಹವನ್ನು ಜೋಡಿಸಿರಿ. ವಿಡಿಯೋ ಹೊರತೆಗೆಯುವ ಮುನ್ನ ಆ ಪದರವನ್ನು ಅಳಿಸಲು ಮರೆಯಬಾರದು.